ಏಪ್ರಿಲ್ ಬಿಸಿಲಲ್ಲಿ ಪಿಎಚ್‌ಡಿ ವೈವಾ: ಯಾವ ಸೀರೆ, ಮೈಕ್ ಎಲ್ಲಿ ಸಿಕ್ಕಿಸೋದು?

ತೊಗರಿಕಣಜ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ. ತೊಗರಿ ಬೆಲೆ ಮತ್ತು ಎಪಿಎಂಸಿ ವಹಿವಾಟಿನ ಮೇಲೆ ಪ್ರಬಂಧ. ಏಪ್ರಿಲ್ ಕೊನೆಯಲ್ಲಿ ಓಪನ್ ವೈವಾ ಇದೆ. ಸೆಮಿನಾರ್ ಹಾಲ್‌ನಲ್ಲಿ ಎಸಿ ಇಲ್ಲ, ಫ್ಯಾನ್ ಮಾತ್ರ. ಬೆಳಗ್ಗೆ ಹನ್ನೊಂದಕ್ಕೆ ಶುರು. ಆ ಹೊತ್ತಿಗೇ ನಮ್ಮೂರಲ್ಲಿ ಬಿಸಿಲು 40 ಡಿಗ್ರಿ ಹತ್ತಿರ ಬಂದಿರುತ್ತೆ.

ಗೈಡ್ ಮೇಡಂ ಸೀರೆ ಉಟ್ಟರೆ ಚೆಂದ ಅಂದಿದ್ದಾರೆ. ಅವ್ವ ತನ್ನ ಮದುವೆಯ ಮೈಸೂರು ಸಿಲ್ಕ್ ಉಡು ಅಂತಿದ್ದಾಳೆ. ನಾನು ದಿನಾ ಹಾಕೋದು ಚೂಡಿದಾರ್. ಸೀರೆ ಉಟ್ಟು ಮುಕ್ಕಾಲು ಗಂಟೆ ನಿಂತು ಮಾತಾಡಿ, ಆಮೇಲೆ ಕೂತು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ನೋಡುವವರಿಗೆ ಗಂಭೀರವಾಗಿ ಕಾಣಬೇಕು, ನನಗೂ ಹಗುರ ಅನ್ನಿಸಬೇಕು. ಏನು ಉಡಲಿ?

ಬೆಣ್ಣೆನಗರಿ

ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಮೇಡಂ? ಯುಜಿಸಿ ನಿಯಮದಲ್ಲೇ ಫಾರ್ಮಲ್ ಡ್ರೆಸ್ ಅಂತ ಇದೆ. ಗಂಡಸರಿಗೆ ಕೋಟು ಟೈ, ಹೆಂಗಸರಿಗೆ ಸೀರೆ. ಕೈಮಗ್ಗದ್ದೇ ಇರಬೇಕು ಅಂತಲೂ ಸುತ್ತೋಲೆ ಬಂದಿತ್ತು. ರೇಷ್ಮೆ ಉಡಿ, ಯಾರೂ ಬಾಯಿ ಬಿಡಲ್ಲ. ಇನ್ನೊಂದು ಮಾತು, ಸೀರೆ ಹೊಸದು ಬೇಡ. ಒಮ್ಮೆಯಾದರೂ ಉಟ್ಟಿದ್ದೇ ಇರಲಿ.

ನಿವೃತ್ತ ಮೇಷ್ಟ್ರು

ಬೆಣ್ಣೆನಗರಿ ಅವರೇ, ಹೊಸದು ಬೇಡ ಅಂದಿರಲ್ಲ, ಅದು ನೂರಕ್ಕೆ ನೂರು ಸರಿ. ಉಳಿದಿದ್ದು ಹಾಗಲ್ಲ. ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿಯಲ್ಲಿ ವೈವಾ ಹೇಗೆ ನಡೀಬೇಕು ಅಂತ ಇದೆ, ಏನು ಉಡಬೇಕು ಅಂತ ಇಲ್ಲ. ನೀವು ಹೇಳಿದ ಕೈಮಗ್ಗದ ಮಾತು 2019ರದ್ದು. ಅದು ಘಟಿಕೋತ್ಸವದ ಗೌನಿಗೆ ಕೈಮಗ್ಗದ ಬಟ್ಟೆ ಬಳಸಿ ಅಂತ ವಿಶ್ವವಿದ್ಯಾಲಯಗಳನ್ನು ಕೇಳಿಕೊಂಡ ಪತ್ರ. ವೈವಾಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮ ವಿಶ್ವವಿದ್ಯಾಲಯದ್ದೇ ಬೇರೆ ಪದ್ಧತಿ ಇದೆಯಾ ಅನ್ನೋದನ್ನ ಡಿಪಾರ್ಟ್‌ಮೆಂಟ್ ಆಫೀಸಿನಲ್ಲಿ ಕೇಳಿದರೆ ಸಾಕು.

ತಂಗೀ, ನಾನು ಎಕ್ಸ್‌ಟರ್ನಲ್ ಪರೀಕ್ಷಕನಾಗಿ ತುಂಬಾ ವೈವಾಗಳಲ್ಲಿ ಕೂತಿದ್ದೇನೆ. ಅಭ್ಯರ್ಥಿ ಉಟ್ಟಿದ್ದು ರೇಷ್ಮೆನಾ ಹತ್ತಿನಾ ಅನ್ನೋದು ಮಧ್ಯಾಹ್ನದ ಊಟದ ಹೊತ್ತಿಗೆ ನನಗೆ ನೆನಪಿರುತ್ತಿರಲಿಲ್ಲ. ನೆನಪಿರುತ್ತಿದ್ದದ್ದು ಕೈ. ಸೆರಗು ಜಾರುತ್ತೆ, ಕೈ ಹೋಗುತ್ತೆ. ಮತ್ತೆ ಜಾರುತ್ತೆ, ಮತ್ತೆ ಕೈ. ಹುಡುಗರಲ್ಲಿ ಕಾಲರ್ ಎಳೆಯೋದು, ಪ್ಯಾಂಟ್ ಮೇಲೆತ್ತೋದು. ಎದುರಿಗೆ ಕೂತವರ ಕಣ್ಣು ಆ ಕೈ ಹಿಂದೆಯೇ ಹೋಗುತ್ತೆ. ಆ ಹೊತ್ತಿಗೆ ಪರದೆಯ ಮೇಲೆ ಒಂದು ಒಳ್ಳೇ ಟೇಬಲ್ ಬಂದು ಹೋಗಿರುತ್ತೆ. ಪಾಪ, ಅಭ್ಯರ್ಥಿಗೆ ತನ್ನ ಕೈ ಅಲ್ಲಾಡಿದ್ದೇ ಗೊತ್ತಿರಲ್ಲ.

ಹಾಗಾಗಿ ಸೀರೆ ಯಾವುದು ಅಂತ ಆಮೇಲೆ ನೋಡಿ. ಮೊದಲು ಹಾಲಿನಲ್ಲಿ ನಿಮ್ಮ ಮೈ ಏನೇನು ಮಾಡಬೇಕು ಅಂತ ನೋಡಿ. ಪರದೆಯ ಮೇಲ್ತುದಿಗೆ ಕೈ ಚಾಚುತ್ತೀರಿ. ದಪ್ಪ ಪ್ರಬಂಧ ಬಗ್ಗಿ ಎತ್ತಿಕೊಂಡು ಪುಟ ತೆರೀತೀರಿ. ಕುರ್ಚಿಯಲ್ಲಿ ಕೂತು ಪ್ರಶ್ನೆ ಬರ್ಕೊಂಡು ಮತ್ತೆ ಏಳ್ತೀರಿ. ಇಷ್ಟನ್ನೂ ಉಟ್ಟ ಬಟ್ಟೆ ಮುಟ್ಟಿಕೊಳ್ಳದೆ ಮಾಡೋಕಾದರೆ ಅದೇ ಸರಿಯಾದ ಬಟ್ಟೆ.

ಇನ್ನೊಂದು. ಪರದೆ ನಿಮ್ಮ ಯಾವ ಕಡೆ ಬರುತ್ತೆ ಅಂತ ಹಾಲಿಗೆ ಹೋಗಿ ನೋಡ್ಕೊಂಡು ಬನ್ನಿ. ಸೆರಗು ಎಡ ಭುಜದ ಮೇಲಿರುತ್ತೆ. ಪರದೆಯೂ ಎಡಕ್ಕಿದ್ದರೆ ತೋರಿಸೋಕೆ ಎಡಗೈಯೇ ಎತ್ತಬೇಕು. ಇಳಿಬಿಟ್ಟ ಸೆರಗು ಆಗ ಕೈ ಜೊತೆ ಮೇಲೆದ್ದು ಬರುತ್ತೆ. ಬಲಗಡೆ ಇದ್ದರೆ ಆ ತಾಪತ್ರಯ ಇಲ್ಲ.

ಅಮ್ಮನ ಡೈರಿ

ನನ್ನ ಮಗನಿಗೂ ಮುಂದಿನ ವಾರ ಕ್ಯಾಂಪಸ್ ಇಂಟರ್‌ವ್ಯೂ ಇದೆ. ತಿಳಿ ನೀಲಿ ಶರ್ಟು, ಕಪ್ಪು ಪ್ಯಾಂಟು ತಂದಿದ್ದೇವೆ. ಟೈ ಬೇಕೇ ಬೇಕಾ? ಹುಡುಗಿಯರಿಗಾದರೆ ಕಂಪನಿಯವರು ಸೀರೆ ಕೇಳಲ್ಲ ಅನ್ಸುತ್ತೆ.

ನಿವೃತ್ತ ಮೇಷ್ಟ್ರು

ಅಮ್ಮಾ, ಇಲ್ಲಿ ಕೇಳ್ತಿರೋದು ಪಿಎಚ್‌ಡಿ ವೈವಾ ಬಗ್ಗೆ. ಇಂಟರ್‌ವ್ಯೂದಲ್ಲಿ ಹತ್ತಿಪ್ಪತ್ತು ನಿಮಿಷ ಕೂತು ಮಾತಾಡಿದರೆ ಆಯ್ತು. ಇಲ್ಲಿ ಎರಡು ಗಂಟೆ ಎಲ್ಲರ ಎದುರು ಇರಬೇಕು. ಮಗನಿಗೆ ಒಳ್ಳೇದಾಗಲಿ. ಟೈ ಬಗ್ಗೆ ಅವನ ಕಾಲೇಜಿನ ಪ್ಲೇಸ್‌ಮೆಂಟ್ ಆಫೀಸಿನವರೇ ಹೇಳ್ತಾರೆ.

ಸೌಂಡ್ ಚೆಕ್

ನಾನು ಒಂದು ಕ್ಯಾಂಪಸ್ಸಿನಲ್ಲಿ ಆಡಿಯೋ ನೋಡ್ಕೊಳ್ಳೋನು. ವೈವಾ, ಸೆಮಿನಾರ್, ಎಲ್ಲಕ್ಕೂ ಮೈಕ್ ಹಾಕೋನು ನಾನೇ. ಬಟ್ಟೆ ಆರಿಸುವಾಗ ಮೈಕ್ ಬಗ್ಗೆ ಯಾರೂ ಯೋಚಿಸಲ್ಲ. ಅದಕ್ಕೇ ಬರೀತಿದ್ದೇನೆ ಮೇಡಂ.

ಕಾಲರ್ ಮೈಕ್ ಅಂದರೆ ಎರಡು ಭಾಗ. ಕ್ಲಿಪ್ಪಿರೋ ಸಣ್ಣ ಮೈಕ್ ಒಂದು, ವೈರಿನ ತುದಿಯಲ್ಲಿ ಬ್ಯಾಟರಿ ಡಬ್ಬಿ ಒಂದು. ಕ್ಲಿಪ್ಪನ್ನ ಗಲ್ಲದಿಂದ ಸುಮಾರು ಒಂದು ಗೇಣು ಕೆಳಗೆ ಹಾಕ್ತೇವೆ. ಸೀರೆ ಉಟ್ಟವರು ಸಾಮಾನ್ಯವಾಗಿ ಸೆರಗಿನ ಅಂಚಿಗೆ ಹಾಕಿ ಅಂತಾರೆ. ಅದು ಬೇಡ. ಸೆರಗು ಅಲ್ಲಾಡಿದಂತೆ ಮೈಕೂ ಅಲ್ಲಾಡುತ್ತೆ, ಬಟ್ಟೆ ಉಜ್ಜಿದ ಸದ್ದು ಸ್ಪೀಕರಿನಲ್ಲಿ ಗರಗರ ಬರುತ್ತೆ. ಬ್ಲೌಸಿನ ಕತ್ತಿನ ಪಟ್ಟಿಗೇ ಹಾಕಿ, ಸ್ವಲ್ಪ ಬಲಕ್ಕೆ. ಸೆರಗಿನ ಮಡಿಕೆ ಅಲ್ಲಿಗೆ ಮುಟ್ಟಬಾರದು. ತುಂಬಾ ಅಗಲ ಕತ್ತಿನ ಬ್ಲೌಸ್ ಆದರೆ ಕ್ಲಿಪ್ ಹಾಕೋಕೆ ಸರಿಯಾದ ಜಾಗವೇ ಸಿಗಲ್ಲ. ಮಂಗಳಸೂತ್ರ, ಉದ್ದ ಸರ ಮೈಕಿಗೆ ಬಡಿದರೆ ಟಕ್ ಟಕ್ ಅನ್ನುತ್ತೆ. ಗಾಜಿನ ಬಳೆಗೆ ಪೋಡಿಯಂ ಮೈಕೇ ಸಾಕು, ಮೇಜಿಗೆ ಕೈ ಇಟ್ಟಾಗಲೆಲ್ಲ ಇಡೀ ಹಾಲಿಗೆ ಕೇಳುತ್ತೆ.

ಡಬ್ಬಿ ಎಲ್ಲಿಡೋದು ಅನ್ನೋದು ಇದಕ್ಕಿಂತ ದೊಡ್ಡ ಕಷ್ಟ. ಗಂಡಸರು ಬೆಲ್ಟಿಗೆ ಸಿಕ್ಕಿಸ್ತಾರೆ. ಸೀರೆಯಲ್ಲಿ ಹಿಂದುಗಡೆ ಲಂಗದ ಲಾಡಿಗೆ ಸಿಕ್ಕಿಸಿ, ವೈರನ್ನ ಸೆರಗಿನ ಒಳಗಿಂದ ತರಬಹುದು. ಲಾಡಿ ಬಿಗಿಯಾಗಿ ಕಟ್ಟಿರಬೇಕು. ಚೂಡಿದಾರಿಗೆ ಎಲಾಸ್ಟಿಕ್ ಸೊಂಟ ಇದ್ದರೆ ಡಬ್ಬಿ ಭಾರಕ್ಕೆ ಕೆಳಗೆ ಎಳೆಯುತ್ತೆ. ಕುರ್ತಾಗೆ ಜೇಬಿದ್ದರೆ ಎಲ್ಲಕ್ಕಿಂತ ಸಲೀಸು. ಮುಖ್ಯವಾಗಿ, ಜನ ಬರೋ ಮೊದಲೇ ಮೈಕ್ ಹಾಕಿಸಿಕೊಳ್ಳಿ. ಎಲ್ಲರೂ ಕೂತ ಮೇಲೆ ಸೆರಗು ಸರಿಸಿ ವೈರ್ ಎಳೆಯೋಕೆ ಹೋದರೆ ನಿಮಗೂ ಮುಜುಗರ, ಹಾಕೋರಿಗೂ ಮುಜುಗರ. ನಾನು ಹೆಣ್ಣುಮಕ್ಕಳಿಗೆ ಅವರ ಗೆಳತಿಯರ ಕೈಲೇ ಹಾಕಿಸ್ತೇನೆ.

ಸದ್ದಿನ ಲೆಕ್ಕದಲ್ಲಿ ನಿಮ್ಮ ಅವ್ವ ಹೇಳಿದ ಮೈಸೂರು ಸಿಲ್ಕ್ ಒಳ್ಳೇದೇ. ಕ್ರೇಪ್ ಮೆತ್ತಗಿರುತ್ತೆ, ಸರಸರ ಅನ್ನಲ್ಲ. ಜರಿ ಜಾಸ್ತಿ ಇರೋ ಕಾಂಜೀವರಂ, ಗಂಜಿ ಹಾಕಿ ಗಟ್ಟಿ ಮಾಡಿದ ಹತ್ತಿ, ಇವೆರಡೂ ಮೈಕಿನ ಹತ್ತಿರ ಸದ್ದು ಮಾಡುತ್ತವೆ.

ತೊಗರಿಕಣಜ

ಸೌಂಡ್ ಚೆಕ್ ಅಣ್ಣಾ, ಇದು ತಲೆಗೇ ಬಂದಿರಲಿಲ್ಲ. ಇವತ್ತು ಹಾಲಿಗೆ ಹೋಗಿ ನೋಡಿ ಬಂದೆ. ಕಾಲರ್ ಮೈಕೇ ಇರೋದು. ಪೋಡಿಯಂ ಮೈಕ್ ಕೆಟ್ಟಿದೆ. ಪರದೆ ನಾನು ನಿಲ್ಲೋ ಜಾಗದ ಎಡಕ್ಕೆ ಇದೆ ಮೇಷ್ಟ್ರೇ! ಇನ್ನೊಂದು ವಿಷಯ, ಹಾಲಿನ ಬಾಗಿಲಲ್ಲೇ ಎಲ್ಲರೂ ಚಪ್ಪಲಿ ಬಿಡಬೇಕಂತೆ. ಇಷ್ಟು ದಿನ ನಾನು ಆ ಹಾಲಿಗೆ ಹೋಗಿದ್ದು ಕಡಿಮೆ, ಗಮನಿಸಿರಲಿಲ್ಲ.

ಇಳಕಲ್ ಮಗ್ಗ

ಚಪ್ಪಲಿ ಮಾತು ಬಂತಲ್ರೀ, ಅದಕ್ಕೆ ಬರೀಲಿಕ್ಕೆ ಕೂತೆ. ನಮ್ಮ ಮನೆಯಲ್ಲಿ ಮಗ್ಗ ಅದಾವ, ಸೀರೆ ಅಂಗಡಿನೂ ಇದೆ.

ಸೀರೆ ಉಡುವಾಗ ಕಾಲಲ್ಲಿ ಏನಿರುತ್ತೋ ಅದರ ಮೇಲೆ ನೆರಿಗೆಯ ಉದ್ದ ನಿಲ್ಲುತ್ತೆ. ಎರಡಿಂಚು ಹಿಮ್ಮಡಿಯ ಚಪ್ಪಲಿ ಹಾಕ್ಕೊಂಡು ಅಂಚು ನೆಲ ಮುಟ್ಟುವಂತೆ ಉಟ್ಟಿರ್ತೀರಿ. ಬಾಗಿಲಲ್ಲಿ ಚಪ್ಪಲಿ ಬಿಟ್ಟ ಕೂಡಲೇ ಅಷ್ಟೂ ಬಟ್ಟೆ ನೆಲಕ್ಕೆ ಬೀಳುತ್ತೆ. ಹೆಜ್ಜೆ ಇಟ್ಟಾಗ ಹೆಬ್ಬೆರಳು ಅಂಚಿಗೆ ಸಿಕ್ಕುತ್ತೆ, ನೆರಿಗೆ ಸೊಂಟದಿಂದ ಸಡಿಲ ಆಗುತ್ತೆ. ಪರದೆ ಹತ್ತಿರ ಓಡಾಡುವಾಗ ಇದೇ ಆಗೋದು. ಅದಕ್ಕೆ ನೀವು ಬರಿಗಾಲಲ್ಲಿ ನಿಂತು ಉಡ್ರಿ, ಅಂಚು ಪಾದದ ಮೇಲೆ ಅರ್ಧ ಇಂಚು ಎತ್ತರಕ್ಕೆ ನಿಲ್ಲಲಿ. ಹೊರಗೆ ಫ್ಲಾಟ್ ಚಪ್ಪಲಿ ಸಾಕು. ಗಂಡಸರ ಪ್ಯಾಂಟಿಗೂ ಇದೇ ಮಾತು. ಬೂಟಿನ ಎತ್ತರಕ್ಕೆ ಹೊಲಿಸಿದ ಪ್ಯಾಂಟು ಬರೀ ಸಾಕ್ಸಿನಲ್ಲಿ ಹಿಮ್ಮಡಿ ಕೆಳಗೆ ಹೋಗುತ್ತೆ. ಸಾಕ್ಸ್ ತೂತಿಲ್ಲದ್ದು ಇರಲಿ.

ಇನ್ನು ಸೀರೆ. ಮೈಸೂರು ಸಿಲ್ಕ್ ಸದ್ದು ಮಾಡಲ್ಲ ನಿಜ, ಆದರೆ ಬೆವರು? ಏಪ್ರಿಲ್, ಕಲಬುರಗಿ, ಎಸಿ ಇಲ್ಲ. ರೇಷ್ಮೆ ಮೇಲೆ ಬೆವರು ಬಿದ್ದರೆ ಕಲೆ ಹೋಗೋದು ಕಷ್ಟ. ಅವ್ವನ ಮದುವೆ ಸೀರೆ ಅಂದ್ರೆ ಜೀವ. ಅದರ ಮೇಲೆ ಕ್ರೇಪ್ ನುಣುಪು. ದಿನಾ ಸೀರೆ ಉಡದವರ ಭುಜದಲ್ಲಿ ಜಾರುತ್ತೆ.

ನಮ್ಮ ಇಳಕಲ್ ನೋಡ್ರಿ. ಮೈ ಹತ್ತಿ, ಸೆರಗು ರೇಷ್ಮೆ. ಎರಡು ಬೇರೆ ಹಾಸನ್ನ ಕೊಂಡಿ ಹಾಕಿ ಸೇರಿಸ್ತೇವೆ, ತೋಪ್ ತೆನಿ ಅಂತೀವಿ. ಸೊಂಟ, ಕಾಲು ಎಲ್ಲ ಹತ್ತಿಯಲ್ಲಿ ತಂಪು. ಕೆಂಪು ಸೆರಗು ಭುಜದ ಮೇಲೆ ಇದ್ದರೆ ಹಬ್ಬದ ಕಳೆಯೂ ಬರುತ್ತೆ. ಅಂಗಡಿಯಲ್ಲಿ ಮೈ ಹತ್ತಿಯದ್ದಾ ಆರ್ಟ್ ಸಿಲ್ಕಿನದ್ದಾ ಅಂತ ಕೇಳಿ ತಗೊಳ್ರಿ. ಆರ್ಟ್ ಸಿಲ್ಕ್ ಹೊಳೀತದ, ಸೆಕೆಗೆ ಮೈಗೆ ಅಂಟುತ್ತೆ. ಹೊಸ ಹತ್ತಿ ಒಂದೆರಡು ಸಲ ನೀರು ಕಂಡ ಮೇಲೆ ಮೆತ್ತಗಾಗುತ್ತೆ. ಗಂಜಿ ತೆಳ್ಳಗೆ ಹಾಕ್ರಿ, ಸಾಕು. ಒಳಗೆ ಲಂಗ ಹತ್ತಿಯದ್ದೇ ಇರಲಿ. ಸ್ಯಾಟಿನ್ ಲಂಗದ ಮೇಲೆ ನೆರಿಗೆ ನಿಲ್ಲಲ್ಲ, ಅಣ್ಣಾವ್ರು ಹೇಳಿದ ಮೈಕ್ ಡಬ್ಬಿಯೂ ಜಗ್ಗುತ್ತೆ.

ಪರದೆ ಎಡಕ್ಕಿದೆ ಅಂದ್ರಲ್ಲ, ಸೆರಗು ಇಳಿಬಿಡಬೇಡಿ. ನೆರಿಗೆ ಹಿಡಿದು ಭುಜದ ಮೇಲೆ ಒಂದು ಪಿನ್ನು, ಬ್ಲೌಸಿಗೆ ಸೇರಿಸಿ. ಬೆನ್ನ ಕಡೆ ಇನ್ನೊಂದು. ಎರಡನೇ ಪಿನ್ನು ಹಾಕೋ ಮೊದಲು ಕೈ ಪೂರ್ತಿ ಮೇಲಕ್ಕೆ ಎತ್ತಿ ನೋಡ್ರಿ. ಕೈ ಇಳಿಸಿಟ್ಟುಕೊಂಡೇ ಬಿಗಿಯಾಗಿ ಪಿನ್ನು ಹಾಕಿದರೆ, ಎತ್ತಿದಾಗ ಬಟ್ಟೆ ಹರೀತದ.

ಬೆಣ್ಣೆನಗರಿ

ಯುಜಿಸಿ ವಿಷಯ ತಿಳಿಸಿದ್ದಕ್ಕೆ ಥ್ಯಾಂಕ್ಸ್ ಮೇಷ್ಟ್ರೇ. ಆದರೂ ನನ್ನ ಮಾತು ಅಷ್ಟೇ. ಗಂಡಸರು ಕೋಟಿಲ್ಲದೆ ನಿಂತರೆ ವೈವಾ ಅನ್ನಿಸಲ್ಲ, ಮಾಮೂಲಿ ಕ್ಲಾಸ್ ತಗೊಂಡ ಹಾಗೆ ಕಾಣುತ್ತೆ.

ಡೆಲ್ಟಾ ನಾಡಿಂದ

ನೆದರ್ಲೆಂಡ್ಸ್‌ನಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ, ಊರು ಹಾಸನ. ಕೋಟಿನ ಮಾತು ಬಂದಿದ್ದಕ್ಕೆ ಹೇಳ್ತೇನೆ. ಇಲ್ಲಿ ವೈವಾಗೆ ಡಿಫೆನ್ಸ್ ಅಂತಾರೆ, ಅದು ದೊಡ್ಡ ಸಮಾರಂಭ. ಪ್ರೊಫೆಸರ್‌ಗಳು ಕಪ್ಪು ಗೌನ್, ಟೋಪಿ ಹಾಕಿ ಮೆರವಣಿಗೆಯಲ್ಲಿ ಒಳಗೆ ಬರ್ತಾರೆ. ಅಭ್ಯರ್ಥಿಯ ಜೊತೆ ಪ್ಯಾರಾನಿಂಫ್ ಅಂತ ಇಬ್ಬರು ಇರ್ತಾರೆ. ಗಂಡಸರು ಉದ್ದ ಬಾಲದ ಕೋಟು ಅಥವಾ ಕಪ್ಪು ಸೂಟು ಹಾಕೋದು ರೂಢಿ. ಸಮಯ ಮುಗಿದಾಗ ಬೀಡಲ್ ಅನ್ನೋ ಅಧಿಕಾರಿ ಕೋಲು ಹಿಡಿದು ಬಂದು 'ಹೋರಾ ಎಸ್ಟ್' ಅಂದರೆ ಮಾತು ಅಲ್ಲಿಗೇ ನಿಲ್ಲಬೇಕು.

ಅಲ್ಲಿ ನಾನು ಕಡು ಹಸಿರು ರೇಷ್ಮೆ ಸೀರೆ ಉಟ್ಟೆ. ಎದುರಿಗೆ ಎಲ್ಲರೂ ಗೌನಿನಲ್ಲಿ ಇದ್ದಿದ್ದರಿಂದ ಅದು ಅತಿ ಅನ್ನಿಸಲೇ ಇಲ್ಲ. ಚಳಿಗಾಲ ಬೇರೆ, ಒಳಗೆ ಥರ್ಮಲ್ ಹಾಕಿದ್ದೆ. ಅದೇ ಸೀರೆ ಕಲಬುರಗಿಯ ಹಾಲಿನಲ್ಲಿ, ಎಕ್ಸ್‌ಟರ್ನಲ್ ಅರ್ಧ ತೋಳಿನ ಶರ್ಟಿನಲ್ಲಿ ಕೂತಿರುವಾಗ, ಮದುವೆಗೆ ಬಂದ ಹಾಗೆ ಕಾಣಬಹುದು. ನನ್ನ ಅನಿಸಿಕೆ, ಪರೀಕ್ಷಕರು ಏನು ಹಾಕ್ಕೊಂಡು ಬರ್ತಾರೋ ಅದಕ್ಕಿಂತ ಒಂದು ಮೆಟ್ಟಿಲು ಮೇಲಿದ್ದರೆ ಸಾಕು. ಬೆಣ್ಣೆನಗರಿ ಅವರೇ, ಕೋಟು ಕೂಡ ಹಾಗೇ. ಇಲ್ಲಿ ಸರಿ, ನಮ್ಮಲ್ಲಿ ಊರು ಮತ್ತು ತಿಂಗಳು ನೋಡಬೇಕು.

ಲ್ಯಾಬ್ ನಂ 4

ಗಂಡುಮಕ್ಕಳ ಪರವಾಗಿ ನಂದೊಂದು ಮಾತು. ಅಮ್ಮನ ಡೈರಿ ಅವರು ತಿಳಿ ನೀಲಿ ಶರ್ಟ್ ಅಂದರಲ್ಲ, ಬೆವರೋ ಮೈಯವರಿಗೆ ಅದೂ ಬೂದು ಬಣ್ಣದ್ದೂ ಕಷ್ಟ. ಒದ್ದೆಯಾದ ಜಾಗ ಕಡು ಬಣ್ಣಕ್ಕೆ ತಿರುಗಿ ಕಂಕುಳಲ್ಲಿ ಎದ್ದು ಕಾಣುತ್ತೆ. ಬಿಳಿ ಅಥವಾ ಕಡು ನೀಲಿಯಲ್ಲಿ ಅಷ್ಟು ಗೊತ್ತಾಗಲ್ಲ. ಒಳಗೆ ತೋಳಿರೋ ಹತ್ತಿ ಬನಿಯನ್ ಹಾಕಿದರೆ ಮೊದಲ ಬೆವರನ್ನ ಅದೇ ಹೀರುತ್ತೆ. ತೋಳಿಲ್ಲದ ಬನಿಯನ್ ಇದಕ್ಕೆ ಆಗಲ್ಲ. ಕೋಟಿನ ಒಳಪದರ ಸಾಮಾನ್ಯವಾಗಿ ಪಾಲಿಯೆಸ್ಟರ್. ಎಸಿ ಇಲ್ಲದ ಹಾಲಿನಲ್ಲಿ ಹತ್ತನೇ ನಿಮಿಷಕ್ಕೆ ಬೆನ್ನು ನೆನೆಯುತ್ತೆ. ಅದನ್ನ ಮಧ್ಯದಲ್ಲಿ ಬಿಚ್ಚೋಕೂ ಆಗಲ್ಲ, ಒದ್ದೆ ಶರ್ಟ್ ಎಲ್ಲರಿಗೂ ಕಾಣುತ್ತೆ.

ನನ್ನ ವೈವಾದಲ್ಲಿ ಎಕ್ಸ್‌ಟರ್ನಲ್ ಆನ್‌ಲೈನ್‌ನಲ್ಲಿ ಸೇರಿದ್ದರು. ತೊಗರಿಕಣಜ, ನಿಮ್ಮಲ್ಲೂ ಹಾಗಿದ್ದರೆ ಸಣ್ಣ ಗೆರೆ, ಸಣ್ಣ ಚೌಕಳಿ ಇರೋ ಬಟ್ಟೆ ಬೇಡ. ಕ್ಯಾಮರಾದಲ್ಲಿ ಅದು ಅಲೆಯಲೆಯಾಗಿ ಮಿನುಗುತ್ತೆ. ಇಳಕಲ್‌ನಲ್ಲಿ ಅಂಥ ಸಣ್ಣ ಚೌಕಳಿಯವು ತುಂಬಾ ಇವೆ ಅಲ್ವಾ? ಪೂರ್ತಿ ಬಿಳಿಯೂ ಬೇಡ, ಕ್ಯಾಮರಾ ಬೆಳಕು ಕಡಿಮೆ ಮಾಡಿಕೊಂಡು ಮುಖ ಕಪ್ಪಾಗಿಸುತ್ತೆ.

ಇಳಕಲ್ ಮಗ್ಗ

ಚೌಕಳಿ ಇದಾವ್ರೀ, ಬಹಳ ಇದಾವ. ಒಂದೇ ಬಣ್ಣದ ಮೈ ಇರೋದೂ ಸಿಗ್ತಾವ. ಅದನ್ನೇ ತಗೊಳ್ರಿ.

ಹಂಪಿ ಕಲ್ಲು

ಯಾರೂ ಹೇಳ್ತಿಲ್ಲ ಅಂತ ಕೇಳ್ತೇನೆ. ಅವರು ದಿನಾ ಹಾಕೋದು ಚೂಡಿದಾರ್. ಹತ್ತಿ ಕುರ್ತಾ, ಪಿನ್ನು ಹಾಕಿದ ದುಪ್ಪಟ್ಟಾ, ಜೇಬಲ್ಲಿ ಮೈಕ್ ಡಬ್ಬಿ. ಮೇಷ್ಟ್ರು ಹೇಳಿದ ಎಲ್ಲ ಕೆಲಸವೂ ಅದರಲ್ಲಿ ಸಲೀಸು. ಹಾಗಿದ್ದರೆ ಸೀರೆಯೇ ಯಾಕೆ? ಹುಡುಗರಿಗೆ ಪಂಚೆ ಉಟ್ಟು ಬಾ ಅಂತ ಯಾರೂ ಹೇಳಲ್ಲ.

ನಿವೃತ್ತ ಮೇಷ್ಟ್ರು

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಚೂಡಿದಾರ್ ಹಾಕಿ ಬಂದ ಅಭ್ಯರ್ಥಿಯನ್ನ ನಾನು ಒಂದು ದಿನವೂ ಕಡಿಮೆ ಅಂತ ನೋಡಿಲ್ಲ. ನನ್ನ ಜೊತೆ ಕೂತವರೂ ನೋಡಿದ್ದು ಕಂಡಿಲ್ಲ.

ಶಾಲ್ಮಲಾ ತೀರ

ಸರ್, ನೀವು ಕಂಡಿರಲಿಕ್ಕಿಲ್ಲ. ನಾನಿದ್ದ ಒಂದು ವಿಭಾಗದಲ್ಲಿ ಚೂಡಿದಾರ್ ಹಾಕಿ ವೈವಾ ಕೊಟ್ಟ ಗೆಳತಿಯ ಬಗ್ಗೆ ಹಿಂದಿನ ಸಾಲಿನಲ್ಲಿ ಗುಸುಗುಸು ಆಯ್ತು. ಊಟದ ಹೊತ್ತಲ್ಲೂ ಅದೇ ಮಾತು. ಅವಳ ಕೆಲಸ ಎಷ್ಟು ಚೆನ್ನಾಗಿತ್ತು ಅಂತ ಯಾರೂ ಮಾತಾಡಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುತ್ತೆ. ಗೈಡ್ ಸೀರೆ ಅಂದಿದ್ದರೆ ಅದನ್ನ ಮೀರೋ ಧೈರ್ಯ ಎಲ್ಲರಿಗೂ ಇರಲ್ಲ, ಇರಬೇಕು ಅಂತ ಹೇಳೋಕೂ ನನಗೆ ಮನಸ್ಸಿಲ್ಲ.

ಹಂಪಿ ಕಲ್ಲು

ಹಾಗೆ ಎಲ್ಲರೂ ಸುಮ್ನೆ ಇದ್ದರೆ ಗುಸುಗುಸು ನಿಲ್ಲೋದು ಯಾವಾಗ? ಗೈಡ್ ಹೇಳಿದ್ದು 'ಚೆಂದ' ಅಂತ, ಕಡ್ಡಾಯ ಅಂತ ಅಲ್ಲ. ಕೇಳಿ ನೋಡಬಹುದು.

ತೊಗರಿಕಣಜ

ಕೇಳಿದೆ ಅಕ್ಕಾ. ಮೇಡಂ "ನಿನ್ನಿಷ್ಟ, ಆದರೆ ಫೋಟೋದಲ್ಲಿ ಸೀರೆ ಚೆನ್ನಾಗಿರುತ್ತೆ" ಅಂದ್ರು. ನನಗೂ ಸೀರೆ ಉಡೋ ಆಸೆ ಇದೆ, ಯಾರ ಒತ್ತಾಯಕ್ಕೂ ಅಲ್ಲ. ಅವ್ವನಿಗೆ ಮಾತ್ರ ಬೇಜಾರು. ವೈವಾಕ್ಕೆ ಬೇರೆ ಉಟ್ಟು, ಮುಗಿದ ಮೇಲೆ ಫೋಟೋಗೆ ಅವಳ ರೇಷ್ಮೆ ಸೀರೆ ಉಟ್ಟರೆ ಹೇಗೆ?

ನಿವೃತ್ತ ಮೇಷ್ಟ್ರು

ಅದಕ್ಕೆ ಸಮಯ ಸಿಗೋದು ಕಷ್ಟ ತಂಗೀ. ಸಾಮಾನ್ಯವಾಗಿ ಪರೀಕ್ಷಕರು ಪಕ್ಕದ ಕೋಣೆಗೆ ಹೋಗಿ ವರದಿ ಬರೀತಾರೆ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಅಲ್ಲೇ ಘೋಷಣೆ ಮಾಡ್ತಾರೆ. ಅದರ ಹಿಂದೆಯೇ ಹಾರ, ಶಾಲು, ಫೋಟೋ. ಎಲ್ಲ ಅದೇ ಹಾಲಿನಲ್ಲಿ. ಪಕ್ಕದ ಕೋಣೆಯಿಂದ ಯಾವ ಕ್ಷಣದಲ್ಲೂ ಕರೆ ಬರಬಹುದು, ಆಗ ನೀವು ಸೀರೆ ಬದಲಾಯಿಸ್ತಾ ಇರಬಾರದು. ಮಾತಿಗೂ ಫೋಟೋಗೂ ಒಂದೇ ಬಟ್ಟೆ ಸಾಲುವಂತೆ ನೋಡಿಕೊಳ್ಳಿ.

ತೊಗರಿಕಣಜ

ಭಾನುವಾರ ಗೆಳತಿಯರ ಎದುರು ಅದೇ ಹಾಲಿನಲ್ಲಿ ಪೂರ್ತಿ ಸ್ಲೈಡ್ ಹೇಳಿ ನೋಡಿದೆ. ಎಲ್ಲರಿಗೂ ಉಪಯೋಗ ಆಗಲಿ ಅಂತ ವಿವರ ಬರೀತಿದ್ದೇನೆ.

ಒಂದೇ ಬಣ್ಣದ ಕಡು ನೀಲಿ ಹತ್ತಿ ಇಳಕಲ್, ಕೆಂಪು ಸೆರಗು. ಚಿಕ್ಕಮ್ಮನದು, ನಾಲ್ಕಾರು ಸಲ ಒಗೆದಿದ್ದು. ಜೊತೆಗೆ ಮೊಣಕೈವರೆಗೆ ತೋಳಿರೋ ಗುಳೇದಗುಡ್ಡ ಖಣದ ಬ್ಲೌಸ್, ಕತ್ತು ಚಿಕ್ಕದು. ಹತ್ತಿ ಲಂಗ. ಬರಿಗಾಲಲ್ಲಿ ನಿಂತು ಉಟ್ಟೆ. ಮೈಕಿನ ಕ್ಲಿಪ್ ಬ್ಲೌಸಿನ ಬಲಗಡೆ, ಡಬ್ಬಿ ಹಿಂದೆ ಲಾಡಿಗೆ. ಸದ್ದು ಬರಲಿಲ್ಲ. ಒಂದೇ ಒಂದು ಸಲ ಸರ ಬಡೀತು, ಅದನ್ನ ತೆಗೆದಿಟ್ಟೆ. ಗಾಜಿನ ಬಳೆ ಬದಲು ಎರಡು ಸಾದಾ ಬಳೆ ಹಾಕ್ತೇನೆ.

ತೊಂದರೆ ಬಂದಿದ್ದು ಎರಡು ಕಡೆ. ತಲೆ ಮೇಲಿನ ಫ್ಯಾನ್ ಗಾಳಿಗೆ ಸೆರಗಿನ ಕೆಳತುದಿ ಹಾರಿ ಪರದೆ ಕಡೆ ಹೋಗ್ತಿತ್ತು. ಗೆಳತಿ ಅದನ್ನ ಹಿಂದಿಂದ ಸೊಂಟಕ್ಕೆ ತಂದು ಸಿಕ್ಕಿಸಿದಳು, ನಿಂತಿತು. ಇನ್ನೊಂದು, ಎಡಗೈ ಎತ್ತಿದಾಗ ಬ್ಲೌಸ್ ಕಂಕುಳಲ್ಲಿ ಬಿಗೀತಿತ್ತು. ದರ್ಜಿ ಒಳಗಿನ ಹೆಚ್ಚುವರಿ ಬಟ್ಟೆ ಬಿಚ್ಚಿ ಒಂದು ಹೊಲಿಗೆ ಸಡಿಲ ಮಾಡಿಕೊಟ್ಟ. ಆದರೂ ಪರದೆಯ ಮೇಲ್ತುದಿಗೆ ಕೈಯಲ್ಲಿ ತೋರಿಸಲ್ಲ, ಲೇಸರ್ ಪಾಯಿಂಟರ್ ತಗೊಳ್ತೇನೆ.

ಅವ್ವನ ಮೈಸೂರು ಸಿಲ್ಕ್ ಅವತ್ತು ಅವ್ವನೇ ಉಡ್ತಾಳೆ. ಒಪ್ಪಿದ್ದಾಳೆ, ಅರೆಮನಸ್ಸಿನಿಂದ.

ಸೌಂಡ್ ಚೆಕ್

ತುಂಬಾ ಚೆನ್ನಾಗಿ ಮಾಡಿದ್ದೀರಿ ಮೇಡಂ. ಲೇಸರ್ ಪಾಯಿಂಟರಿಗೂ ಮೈಕ್ ಡಬ್ಬಿಗೂ ಬೆಳಗ್ಗೆ ಹೊಸ ಬ್ಯಾಟರಿ ಹಾಕಿಸಿ. ಕರೆಂಟ್ ಹೋದರೆ ಏನು ಮಾಡ್ತೀರಿ?

ತೊಗರಿಕಣಜ

ಜನರೇಟರ್ ಇದೆ ಅಂತಾರೆ, ಆದರೆ ಆ ಹಾಲಿಗೆ ಲೈನ್ ಇದೆಯಾ ಅಂತ ಆಫೀಸಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳ್ತಿದ್ದಾರೆ. ನಾಳೆ ಎಲೆಕ್ಟ್ರಿಷಿಯನ್‌ನನ್ನೇ ಕೇಳ್ತೇನೆ. ಹೂವಿನ ಬಗ್ಗೆ ಯಾರಾದರೂ ಹೇಳಿ, ಮಲ್ಲಿಗೆ ಮುಡಿಯಬಹುದಾ?

ಶಾಲ್ಮಲಾ ತೀರ

ಮುಡೀರಿ, ಸಣ್ಣ ತುಂಡು. ಉದ್ದ ಮಾಲೆ ಭುಜದ ಮುಂದೆ ಬಂದರೆ ಮತ್ತೆ ಮೈಕಿಗೇ ತಾಗುತ್ತೆ.

ನಿವೃತ್ತ ಮೇಷ್ಟ್ರು

ನನಗೆ ಹೂವಿನ ಬಗ್ಗೆ ತಕರಾರಿಲ್ಲ. ಮುಚ್ಚಿದ ಸಣ್ಣ ಕೋಣೆಯಾದರೆ ಘಮ ಕೆಲವರಿಗೆ ತಲೆನೋವು ತರುತ್ತೆ. ನಿಮ್ಮದು ಕಿಟಕಿ ಇರೋ ದೊಡ್ಡ ಹಾಲು ಅಲ್ವಾ? ನಿಮ್ಮ ಎಪಿಎಂಸಿ ಟೇಬಲ್‌ಗಳಲ್ಲಿ ಕ್ವಿಂಟಾಲ್ ಲೆಕ್ಕ ಇನ್ನೊಮ್ಮೆ ನೋಡಿಕೊಳ್ಳಿ, ಎಕ್ಸ್‌ಟರ್ನಲ್ ಮೊದಲು ಕೇಳೋದು ಅಲ್ಲಿಂದಲೇ.